ಗೋಡೆ ಮುಟ್ಟದ ಕಂಬಿ

ಬಾಣಾವರದ ಕೊಬ್ಬರಿ ವ್ಯಾಪಾರಿ ರೇವಣಸಿದ್ದಪ್ಪನವರು ತಾವೇ ತೂಗಿದ ಮಾಲನ್ನೂ ಇನ್ನೊಮ್ಮೆ ತೂಗಿ ನೋಡುವ ಮನುಷ್ಯ. ಕೆಟ್ಟವರಲ್ಲ, ಆದರೆ ಲೋಕದ ಮೇಲೆ ಅವರಿಗೆ ನಂಬಿಕೆಯಿಲ್ಲ. ಅಂಥವರ ತಲೆಗೆ ಮಠದ ವಿದ್ಯಾರ್ಥಿನಿಲಯದ ಊಟದ ಮನೆ ಕಟ್ಟಿಸುವ ಉಸ್ತುವಾರಿ ಬಂತು. ಅಂದಿನಿಂದ ಇಟ್ಟಿಗೆ ತಂದವನ ಮೇಲೂ ಮರಳು ತಂದವನ ಮೇಲೂ ಅವರ ಕಣ್ಣು. ಕೊನೆಗೆ ಆ ಕಣ್ಣು ಬಂದು ನಿಂತದ್ದು ಕಂಬಿ ಕಟ್ಟುವ ಹೊನ್ನಯ್ಯನ ಮೇಲೆ.

ಚಾವಣಿಯ ಭಾರ ಹೊರಲು ಎರಡು ಕಲ್ಲುಗೋಡೆಗಳ ಮೇಲೆ ಆರು ಮೀಟರಿನ ಬೀಮು ಕೂರಬೇಕಿತ್ತು. ಹೊನ್ನಯ್ಯ ಅದಕ್ಕೆ ಕಂಬಿ ಕಟ್ಟಿ ಮುಗಿಸಿದ್ದ. ಅಡಿಯಲ್ಲಿ ಹಾಸಿದ್ದ ನಾಲ್ಕು ಕಂಬಿಗಳಲ್ಲಿ ಅಂಚಿನ ಎರಡು ಈ ಗೋಡೆಯಿಂದ ಆ ಗೋಡೆಯವರೆಗೆ ಹೋಗಿದ್ದವು. ನಡುವಿನ ಎರಡು ಮಾತ್ರ ಎರಡೂ ಕಡೆ ಗೋಡೆ ಇನ್ನೂ ಒಂದಡಿ ಇದೆ ಎನ್ನುವಾಗಲೇ ನಿಂತುಬಿಟ್ಟಿದ್ದವು. ಅದನ್ನು ಕಂಡದ್ದೇ ರೇವಣಸಿದ್ದಪ್ಪನವರ ತಲೆಗೆ ಹುಳ ಬಿಟ್ಟ ಹಾಗಾಯಿತು.

"ಏನಯ್ಯ ಹೊನ್ನಯ್ಯ, ಕಂಬಿ ಗೋಡೆಗೇ ಮುಟ್ಟಿಲ್ವಲ್ಲ? ಮಿಕ್ಕಿದ ತುಂಡೆಲ್ಲ ಎಲ್ಲಿಗೆ ಹೋಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಎಂದು ಅವರ ಲೆಕ್ಕ. ಹೊನ್ನಯ್ಯ ಹೆಗಲನ್ನೂ ಮುಟ್ಟಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಮೇಡಂ ಯೋಳಿದ ಅಳತೇನೇ ಐತೆ ಯಜಮಾನ್ರೇ. ಅವ್ರನ್ನೇ ಕೇಳಿ," ಎಂದು ತಂತಿ ತಿರುಚುತ್ತ ಕೂತ. ಆ ನೆಮ್ಮದಿ ಇನ್ನಷ್ಟು ಅನುಮಾನ ತಂದಿತು.

ಮೇಡಂ ಎಂದರೆ ಅರಸೀಕೆರೆಯಿಂದ ಬರುತ್ತಿದ್ದ ಇಂಜಿನಿಯರ್ ಲತಾಮಣಿ. ಆ ಸಂಜೆ ಬಂದವಳನ್ನು ರೇವಣಸಿದ್ದಪ್ಪನವರು ಬೀಮಿನ ಹತ್ತಿರವೇ ಹಿಡಿದು ನಿಲ್ಲಿಸಿದರು. ಅವಳು ಸಿಮೆಂಟ್ ಚೀಲದ ಕಾಗದದ ಮೇಲೆ ಒಂದು ಗೆರೆ ಎಳೆದು, ಅದರ ಮೇಲೆ ಬಿಲ್ಲಿನ ಹಾಗೆ ಬಾಗಿದ ಇನ್ನೊಂದು ಗೆರೆ ಬರೆದಳು.

"ಇದು ಮೊಮೆಂಟ್ ಚಿತ್ರ ಸಾರ್. ಚಾವಣಿ ಭಾರ ಉದ್ದಕ್ಕೂ ಒಂದೇ ಸಮ ಬೀಳುತ್ತೆ. ಆಗ ಬೀಮು ಬಾಗೋ ಒತ್ತಡ ನಡುವೆ ಎಲ್ಲಕ್ಕಿಂತ ಜಾಸ್ತಿ, ಗೋಡೆ ಮೇಲೆ ಸೊನ್ನೆ. ನಾಲ್ಕು ಕಂಬಿ ಬೇಕಾಗೋದು ನಡುವೆ ಮಾತ್ರ. ಈ ಬಿಲ್ಲು ಅರ್ಧ ಎತ್ತರಕ್ಕೆ ಇಳಿಯೋ ಕಡೆ ಎರಡೇ ಸಾಕು."

"ಅದು ಎಲ್ಲಿ ಅಂತ ನಿಮಗೆ ಹೆಂಗಮ್ಮ ಗೊತ್ತು?"

"ಲೆಕ್ಕ ಇದೆ. ನಡುವಿನಿಂದ ಆಚೆ ಈಚೆ ಎರಡು ಮೀಟರ್ ಹನ್ನೆರಡು ಸೆಂಟಿಮೀಟರ್. ಆದ್ರೆ ಅಲ್ಲೇ ಕತ್ತರಿಸೋ ಹಾಗಿಲ್ಲ. ಬೀಮಿನ ಆಳದಷ್ಟು, ಅಂದ್ರೆ ಇನ್ನೂ ನಲವತ್ತು ಸೆಂಟಿಮೀಟರ್, ಮುಂದಕ್ಕೆ ಬಿಡಬೇಕು. ಹಾಗೆ ಬಿಟ್ಟಾಗ ಕಂಬಿ ತುದಿ ಗೋಡೆ ದಪ್ಪದ ನಡುಗೆರೆಯಿಂದ ನಲವತ್ತೆಂಟು ಸೆಂಟಿಮೀಟರಿಗೆ ನಿಲ್ಲುತ್ತೆ. ಹೊನ್ನಯ್ಯ ಅಷ್ಟೇ ಮಾಡಿರೋದು. ಗೋಡೆ ಹತ್ರ ಬೇರೆ ಥರದ ಒತ್ತಡ ಇರುತ್ತೆ, ಅದಕ್ಕೆ ನೋಡಿ, ಕಂಬಿಗಳ ಸುತ್ತ ರಿಂಗು ಒತ್ತೊತ್ತಾಗಿ ಹಾಕ್ಸಿದೀನಿ."

ರೇವಣಸಿದ್ದಪ್ಪನವರು ತಲೆಯಾಡಿಸಿದರು. ಆಡಿದ್ದು ಕತ್ತು ಮಾತ್ರ, ಮನಸ್ಸಲ್ಲ. ಭಾರವೆಲ್ಲ ಬಂದು ಕೂರುವುದು ಗೋಡೆಯ ಮೇಲೆ. ಅಲ್ಲಿಗೇ ಕಂಬಿ ಬೇಡವೆಂದರೆ ಯಾರು ಒಪ್ಪುತ್ತಾರೆ? ಬೇಲಿಯೇ ಎದ್ದು ಹೊಲ ಮೇಯುತ್ತಿದೆ, ಇಬ್ಬರೂ ಸೇರಿಯೇ ಇದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ನಾಳೆ ಈ ಚಾವಣಿ ಕುಸಿದರೆ ಕೆಳಗೆ ಉಣ್ಣುತ್ತಾ ಕೂತಿರುವುದು ಮಠದ ಮಕ್ಕಳು. ಆ ಯೋಚನೆ ಬಂದಾಗ ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು, ಅದನ್ನು ಸುಳ್ಳೆನ್ನಲಾಗದು.

ಹೊರಡುವ ಮುನ್ನ ಲತಾಮಣಿಗೆ ಕೇಳಿಸುವ ಹಾಗೆ, "ನಾಳಿದ್ದು ಕಾಂಕ್ರೀಟ್. ಅಷ್ಟರೊಳಗೆ ಒಂದು ಕಂಬಿ ಹೆಚ್ಚುಕಮ್ಮಿ ಕಂಡ್ರೂ ಹೊನ್ನಯ್ಯ ಈ ಕಡೆ ತಲೆ ಹಾಕೋ ಹಾಗಿಲ್ಲ. ಸುತ್ತಲಿನ ಯಾವ ಊರಲ್ಲೂ ಅವನಿಗೆ ಕೆಲಸ ಸಿಗದ ಹಾಗೆ ಮಾಡ್ತೀನಿ," ಎಂದರು. ಅವರು ಹೇಳಿದರೆ ಹಾಗೇ ಆಗುತ್ತಿತ್ತು. ಹೊನ್ನಯ್ಯನಿಗೂ ಅದು ಗೊತ್ತಿತ್ತು.

ಮರುದಿನ ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ ರೇವಣಸಿದ್ದಪ್ಪನವರು ಕೊಬ್ಬರಿ ಗೋದಾಮಿನ ಆಳು ಹುಚ್ಚಣ್ಣನನ್ನು ಕರೆದುಕೊಂಡು ಬಂದರು. ಬೀಮಿನ ಪಕ್ಕದ ಹಲಗೆ ಇನ್ನೂ ಹೊಡೆದಿರಲಿಲ್ಲ. ಬಾಗಿಲ ಕಡೆಯ ಗೋಡೆ ತೋರಿಸಿ, "ಜನ ಓಡಾಡೋದು ಈ ಕಡೆ. ಈ ಎರಡು ಕಂಬೀನೂ ಗೋಡೆಗೆ ಮುಟ್ಟೋ ಹಂಗೆ ತಳ್ಳು," ಎಂದರು.

"ಹೊನ್ನಯ್ಯನ್ನ ಒಂದ್ ಮಾತು ಕೇಳ್ಬೋದಿತ್ತಲ್ವಾ ಬುದ್ಧಿ?"

"ಕಳ್ಳನ್ನ ಕೇಳಿ ಬೀಗ ಹಾಕ್ತಾರೇನ್ಲಾ? ತಳ್ಳು!"

ಹುಚ್ಚಣ್ಣ ಕಟ್ಟಿದ್ದ ತಂತಿ ಬಿಚ್ಚಿದ. ಕಂಬಿ ಸರಸರನೆ ಜಾರಿ ಗೋಡೆಯ ನಡುಗೆರೆಯವರೆಗೆ ಹೋಗಿ ಕೂತಿತು. ತಿರುಗಿ ತಂತಿ ಕಟ್ಟಿಸಿದರು. ಆ ರಾತ್ರಿ ರೇವಣಸಿದ್ದಪ್ಪನವರಿಗೆ ಚೆನ್ನಾಗಿ ನಿದ್ದೆ ಬಂತು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಅಷ್ಟೇ ಕಡಿಮೆಯಾಗುತ್ತದೆ ಎಂದು ವ್ಯಾಪಾರದಲ್ಲಿ ಕೂದಲು ಸೀಳಿ ನೋಡುವ ಈ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಕಾಂಕ್ರೀಟಿನ ಬೆಳಿಗ್ಗೆ ಮಿಕ್ಸರ್ ಯಂತ್ರ ಬಂದು ನಿಂತಿತ್ತು. ಜಲ್ಲಿ ಹೊರುವ ಹೆಂಗಸರು ಸಿಂಬಿ ಸುತ್ತಿಕೊಂಡು ಕಾದಿದ್ದರು. ಲತಾಮಣಿ ಟೇಪು ಹಿಡಿದು ಮೇಲೆ ಹತ್ತಿದಳು. ಬಾಗಿಲ ಕಡೆ ಅಳೆದವಳು ಹುಬ್ಬು ಗಂಟಿಕ್ಕಿದಳು. ಆಚೆ ತುದಿಗೆ ಹೋಗಿ ಅಳೆದು, ನಂಬಲಾರದೆ ಮತ್ತೆ ಅಳೆದಳು.

"ಹೊನ್ನಯ್ಯ, ಏನಿದು? ಈ ಕಡೆ ತೊಂಬತ್ತಾರು ಸೆಂಟಿಮೀಟರ್ ಬರ್ತಿದೆ! ಮುಂದಕ್ಕೆ ಬಿಟ್ಟಿದ್ದ ನಲವತ್ತೂ ಹೋಯ್ತು, ಅದರ ಮೇಲೆ ಇನ್ನೆಂಟು ಒಳಗೆ ಬಂದಿದೆ. ಎಲ್ಲಿ ಎರಡು ಕಂಬಿ ಸಾಲಲ್ವೋ ಅಲ್ಲೇ ತಂದು ನಿಲ್ಲಿಸಿದ್ದೀಯ. ಇದರ ಮೇಲೆ ಚಾವಣಿ ಹಾಕಿದ್ರೆ ಇಲ್ಲೇ ಬಿರುಕು ಬಿಡುತ್ತೆ!"

ಹೊನ್ನಯ್ಯ ಹತ್ತಿ ಬಂದು ನೋಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು. "ನಾನು ಹಿಂಗೆ ಕಟ್ಟಿರ್ಲಿಲ್ಲ ಮೇಡಂ. ನಮ್ಮಪ್ಪನಾಣೆ ಕಟ್ಟಿರ್ಲಿಲ್ಲ."

"ಮತ್ತೆ ಕಂಬಿಗೆ ಕಾಲು ಬಂತಾ?" ಲತಾಮಣಿ ಕೆಳಗೆ ನಿಂತಿದ್ದ ರೇವಣಸಿದ್ದಪ್ಪನವರ ಕಡೆ ತಿರುಗಿದಳು. "ನಿಮ್ಮ ಮಾತು ನಾನು ಕೇಳಬೇಕಿತ್ತು ಸಾರ್. ಇವನ ಮೇಲೆ ನಿಮಗಿದ್ದ ಅನುಮಾನ ಸರಿಯೇ. ಬೇರೆಯವರನ್ನ ಕರೆಸಿ."

ಇಷ್ಟು ದಿನ ಕಾದಿದ್ದ ಮಾತು ತಾನಾಗಿ ಬಂದು ಅವರ ಅಂಗೈಯಲ್ಲಿ ಬಿದ್ದಿತ್ತು. ಸುಮ್ಮನಿದ್ದರೆ ಸಾಕಿತ್ತು. ಪಕ್ಕದಲ್ಲಿ ನಿಂತಿದ್ದ ಹುಚ್ಚಣ್ಣ ನೆಲ ನೋಡುತ್ತಿದ್ದ, ಅವನು ಬಾಯಿ ಬಿಡುವವನಲ್ಲ. ಹೊನ್ನಯ್ಯ ತನ್ನ ಇಕ್ಕಳ, ಕೊಕ್ಕೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಒಂದು ಕೊಕ್ಕೆ ಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಇಳಿದು ಬಂದವನು ರೇವಣಸಿದ್ದಪ್ಪನವರ ಕಾಲ ಬಳಿ ಬಗ್ಗಿದ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಅವನಲ್ಲಮ್ಮ," ಎಂದರು. "ನಾನೇ ತಳ್ಳಿಸ್ದೆ. ಗೋಡೆ ಮುಟ್ಲಿ ಅಂತ."

ಜಲ್ಲಿ ಹೊರುವ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಲತಾಮಣಿ ಹೊನ್ನಯ್ಯನಿಗೆ, "ತಪ್ಪಾಯ್ತು ಕಣಪ್ಪ," ಎಂದಳು. ಹೊನ್ನಯ್ಯ ಚೀಲ ಬಿಚ್ಚಿ ಮತ್ತೆ ಮೇಲೆ ಹತ್ತಿದ. ಕಂಬಿ ಸರಿಸಿ, ಎರಡೂ ತುದಿ ನಲವತ್ತೆಂಟಕ್ಕೆ ತಂದು ಬಿಗಿದ. ರೇವಣಸಿದ್ದಪ್ಪನವರು ತಾವಾಗಿಯೇ ಏಣಿ ಹತ್ತಿ ಟೇಪಿನ ಒಂದು ತುದಿ ಹಿಡಿದುಕೊಂಡರು. ಮಾಡಿದ್ದಕ್ಕೆ ಇಷ್ಟಾದರೂ ಮಾಡೋಣ ಎಂದು ಅವರ ಮನಸ್ಸು. ಅವರ ಹಿಂದೆಯೇ ಹುಚ್ಚಣ್ಣನೂ ಹತ್ತಿ ನಿಂತ.

ಹೊನ್ನಯ್ಯ ಅಳತೆ ಓದಿದ. ಸರಿಯಾಗಿತ್ತು. ಆದರೂ ಅವನು ಬೀಮಿನುದ್ದಕ್ಕೂ ನಡೆದು ಈಚೆ ತುದಿಗೆ ಬಂದು, ಯಜಮಾನರ ಕೈಯಿಂದ ಟೇಪನ್ನು ಮೆಲ್ಲಗೆ ಬಿಡಿಸಿಕೊಂಡು ಹುಚ್ಚಣ್ಣನ ಕೈಗೆ ಕೊಟ್ಟ.

"ಇನ್ನೊಂದ್ ಸಲ ಅಳ್ಯಾನ," ಎಂದ. "ಯಜಮಾನ್ರೇ, ನೀವು ಒಸಿ ಕೆಳಗಿಳ್ಕಳಿ."