ಎಡಗೋಡೆ

ನನ್ನ ಸೋದರಮಾವ ಮೂವತ್ತು ವರ್ಷದಿಂದ ಕಟ್ಟಡ ಕೆಡವುತ್ತಿದ್ದಾರೆ. ಹೆಣ್ಣು ಕೊಡಲು ಬಂದವರು ಹುಡುಗನಿಗೆ ಏನು ಕೆಲಸ ಎಂದು ಕೇಳಿದಾಗ ಅಜ್ಜಿ "ಕಟ್ಟಡದ ಕೆಲಸ" ಎಂದಷ್ಟೇ ಹೇಳಿದ್ದರಂತೆ. ಸುಳ್ಳೇನೂ ಅಲ್ಲ. ಅತ್ತೆ ಮಾತ್ರ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಮಾವನಿಗೆ ಕಾಗದ ಕಂಡರಾಗದು. ಆದರೆ ಪೇಟೆಬೀದಿಯ ಈ ಮೂರಂತಸ್ತಿನ ಹಳೇ ಕಟ್ಟಡಕ್ಕೆ ನಗರಸಭೆಯವರು ಪಟ್ಟು ಹಿಡಿದರು. ಯಾವುದನ್ನು ಮೊದಲು ತೆಗೆಯುತ್ತೀರಿ, ಧೂಳು ಹೇಗೆ ತಡೆಯುತ್ತೀರಿ, ಉಳಿದ ಗೋಡೆ ಹೇಗೆ ನಿಲ್ಲುತ್ತದೆ, ಎಲ್ಲವನ್ನೂ ಬರೆದು ಕೊಡದೆ ಒಂದು ಹೆಂಚನ್ನೂ ಮುಟ್ಟುವಂತಿಲ್ಲ. ಮಾವನ ಕಂಪನಿಯ ಏಕೈಕ ಎಂಜಿನಿಯರ್ ನಾನು. ನಲವತ್ತೆರಡು ಪುಟ ಬರೆದೆ. ಮಾವ ಅದನ್ನು ಕೈಯಲ್ಲಿ ತೂಗಿ ನೋಡಿ, ಆ ಕಟ್ಟಡದ ಗೋಡೆ ಇಷ್ಟು ಗಟ್ಟಿ ಇದ್ದಿದ್ದರೆ ಕೆಡವುವ ಅಗತ್ಯವೇ ಇರುತ್ತಿರಲಿಲ್ಲ ಎಂದರು.

ಅವರ ಕುಚೋದ್ಯ ನನಗೆ ಹೊಸದಲ್ಲ. ಕೆಡವುವುದೆಂದರೆ ಕಟ್ಟಿದ್ದನ್ನು ತಿರುವುಮುರುವು ಮಾಡುವುದು ಎಂದು ಕಲಿಸಿದವರೂ ಅವರೇ. ಮೊದಲು ವಿದ್ಯುತ್ತು, ನೀರು ಕತ್ತರಿಸಬೇಕು. ಆಮೇಲೆ ಬಾಗಿಲು, ಕಿಟಕಿ. ಆಮೇಲೆ ಹೆಂಚು, ಮಾಡು. ನಂತರ ಮೇಲಿನ ಅಂತಸ್ತಿನಿಂದ ಒಂದೊಂದಾಗಿ ಕೆಳಕ್ಕೆ. ಒಡೆದ ಇಟ್ಟಿಗೆಯನ್ನು ಅಟ್ಟದ ಮೇಲೆ ರಾಶಿ ಹಾಕುವಂತಿಲ್ಲ, ಹಳೇ ತೊಲೆ ಆ ಭಾರ ತಡೆಯುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಅಂದಂದೇ ಕೆಳಗಿಳಿಸಬೇಕು. ಇದನ್ನೆಲ್ಲ ಮಾವ ಬಾಯಲ್ಲಿ ಹೇಳುತ್ತಿದ್ದರು, ನಾನು ಕಾಗದದಲ್ಲಿ ಹೇಳಿದೆ. ವ್ಯತ್ಯಾಸ ಅಷ್ಟೇ ಎಂದು ನಾನು ಜಂಬ ಕೊಚ್ಚಿಕೊಂಡದ್ದೂ ಉಂಟು.

ಈ ಕಟ್ಟಡದ ಒಂದು ಪಕ್ಕ ಓಣಿ. ಇನ್ನೊಂದು ಪಕ್ಕಕ್ಕೆ ಅಂಟಿಕೊಂಡು ಗಡಿಯಾರ ರಿಪೇರಿಯವರ ಮನೆ, ಕೆಳಗೆ ಅಂಗಡಿ. ನಡುವಿನ ಗೋಡೆ ಎರಡು ಕಟ್ಟಡಕ್ಕೂ ಒಂದೇ. ನಮ್ಮ ತೊಲೆಗಳ ತುದಿ ಈಚೆಯಿಂದ, ಅವರ ತೊಲೆಗಳ ತುದಿ ಆಚೆಯಿಂದ ಅದರಲ್ಲೇ ಕೂತಿವೆ. ನಮ್ಮ ತೊಲೆಗಳನ್ನು ಕಿತ್ತರೆ ಆ ಮಣ್ಣುಗಾರೆಯ ಗೋಡೆ ನಮ್ಮ ಕಡೆಗೆ ಉಬ್ಬಿ ಹೊಟ್ಟೆ ಬಿಡುತ್ತದೆ. ಹೊಟ್ಟೆ ಬಿಟ್ಟರೆ ಅವರ ತೊಲೆಗಳು ಜಾರುತ್ತವೆ. ಮೇಲೆ ಅವರ ಹೆಂಡತಿ ಮಲಗಿರುತ್ತಾರೆ, ಮೊಣಕಾಲಿನಿಂದಾಗಿ ಮೆಟ್ಟಿಲು ಇಳಿದು ಎರಡು ವರ್ಷವಾಗಿದೆ. ಆದ್ದರಿಂದ ಹತ್ತೊಂಬತ್ತನೇ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದೆ: ಎಡಗೋಡೆಗೆ ಆರು ಓರೆ ಆಸರೆ ಕೊಟ್ಟು, ಎಂಜಿನಿಯರ್ ನೋಡಿ ಸಹಿ ಹಾಕಿದ ಮೇಲೆ ಮಾತ್ರ ತೊಲೆ ಮುಟ್ಟುವುದು.

ಗಡಿಯಾರದವರಿಗೂ ಒಂದು ಪ್ರತಿ ಕೊಟ್ಟಿದ್ದೆವು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ಓದಿದ ಮನುಷ್ಯ ಪ್ರಪಂಚದಲ್ಲಿ ಅವರೊಬ್ಬರೇ ಇರಬೇಕು. ಬೀದಿಯ ಕಡೆ ನಾವು ಕಟ್ಟಿದ್ದ ಬೇಲಿಗೆ ನೇತುಹಾಕಿದ್ದ ದೂರಿನ ಪುಸ್ತಕದಲ್ಲಿ ಎಂಟು ದಿನಕ್ಕೆ ಏಳು ದೂರು ಬರೆದರು. ಎಲ್ಲವೂ ಪುಟಸಂಖ್ಯೆ ಸಮೇತ. ಧೂಳು ತಡೆಯಲು ಕಟ್ಟಿದ ಒದ್ದೆ ಗೋಣಿ ಒಣಗಿದೆ, ಪುಟ ಇಪ್ಪತ್ತಾರು. ಲಾರಿಗೆ ಹೊದಿಕೆ ಇಲ್ಲ, ಪುಟ ಇಪ್ಪತ್ತೆಂಟು. ಕೊಳವೆಯ ಬಾಯಿಂದ ಹೊರಟ ಧೂಳು ಒಂದು ಕೈಗಡಿಯಾರದ ಹೊಟ್ಟೆ ಸೇರಿ ಗಂಟೆಗೆ ನಾಲ್ಕು ನಿಮಿಷ ನುಂಗುತ್ತಿದೆ.

ಮಾವ ಕೊಡಪಾನಗಟ್ಟಲೆ ನೀರು ಸುರಿಸಿಬಿಡೋಣ ಎಂದರು. ಹಾಗೆ ಸುರಿದರೆ ಅಟ್ಟ ಭಾರವಾಗುತ್ತದೆ, ಮಣ್ಣುಗಾರೆ ಕರಗುತ್ತದೆ, ಒಡೆಯುವ ಜಾಗಕ್ಕೆ ಮಾತ್ರ ಮಂಜಿನ ಹಾಗೆ ಸಿಂಪಡಿಸಬೇಕು ಎಂದು ನಾನು ಪುಟ ಇಪ್ಪತ್ತೇಳು ತೋರಿಸಿದೆ. ಮಾವ ಗಡಿಯಾರದಂಗಡಿಯ ಕಡೆ ಕೈ ತೋರಿಸಿ, "ನಿನಗೂ ಅವರಿಗೂ ಜಾತಕ ಚೆನ್ನಾಗಿ ಕೂಡುತ್ತೆ ಕಣೆ, ಏನು ಮಾಡೋದು, ಅವರಿಗೆ ಎಪ್ಪತ್ತು ಆಗೋಯ್ತು" ಎಂದರು.

ಆಸರೆ ಕೊಡುವ ಎರಡು ದಿನ ಮಾವ ಲಾರಿ ನಿಲ್ಲಿಸುವ ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ನಕ್ಷೆಯ ಹಾಳೆಗಳೂ ಅವರ ಜೊತೆ ಹೋಗಿದ್ದವು. ಹೋಗುವಾಗ ಮೇಸ್ತ್ರಿಗೆ, ನನ್ನ ಮಾತು ಬೇಡ, ಅವಳ ಕಾಗದದಲ್ಲಿ ಇದ್ದ ಹಾಗೇ ಮಾಡು ಎಂದು ಹೇಳಿದ್ದರಂತೆ. ಮೂವತ್ತು ವರ್ಷದಲ್ಲಿ ಮೊದಲ ಸಲ.

ಒಂಬತ್ತನೇ ದಿನ ಬೆಳಿಗ್ಗೆ ನಾನು ತಪಾಸಣೆಗೆ ಹೋದೆ. ಬೀದಿಯ ಕಡೆ ಬೇಲಿ ಇದ್ದುದರಿಂದ ಹಿತ್ತಿಲ ಮೆಟ್ಟಿಲು ಹತ್ತಿದೆ. ಎಡಗಡೆ ಆರು ಆಸರೆ, ನೆಲದಿಂದ ಅಟ್ಟದ ತೂತುಗಳ ಮೂಲಕ ಓರೆಯಾಗಿ ಏರಿ, ಗೋಡೆಯಲ್ಲಿ ಕೊರೆದ ಗೂಡುಗಳಿಗೆ ಭದ್ರವಾಗಿ ಕೂತಿದ್ದವು. ಬೆಣೆಗಳನ್ನು ತಟ್ಟಿ ನೋಡಿದೆ. ಒಂದೂ ಅಲುಗಲಿಲ್ಲ. ಸಹಿ ಹಾಕಿದೆ. ಊಟ ಆದ ಮೇಲೆ ತೊಲೆ ಕೀಳುವುದು ಎಂದು ತೀರ್ಮಾನವಾಯಿತು.

ಕೆಳಗಿಳಿದರೆ ಬೇಲಿಯ ಬಳಿ ಗಡಿಯಾರದವರು ನಿಂತಿದ್ದರು. ಪುಸ್ತಕದಲ್ಲಿ ಎಂಟನೇ ದೂರು ಆಗಲೇ ಬಿದ್ದಿತ್ತು. ಎರಡೇ ಪದ: ಸದ್ದೇ ಇಲ್ಲ.

ಇವರಿಗೆ ಸದ್ದಾದರೂ ದೂರು, ಆಗದಿದ್ದರೂ ದೂರು ಎಂದು ನನಗೆ ಒಳಗೇ ಕೋಪ ಬಂತು. ಮೊಸರಲ್ಲಿ ಕಲ್ಲು ಹುಡುಕುವುದಕ್ಕೂ ಒಂದು ಮಿತಿ ಬೇಡವೇ. ಆದರೂ ನಗುತ್ತಲೇ, ಎರಡು ದಿನ ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿರಲ್ಲ ಎಂದೆ.

ಅವರು ನಗಲಿಲ್ಲ. "ಮೊದಲು ಖುಷಿಯಾಯ್ತಮ್ಮ. ಆಮೇಲೆ ಹತ್ತೊಂಬತ್ತನೇ ಪುಟ ನೋಡ್ದೆ. ಗೋಡೇಲಿ ಗೂಡು ಕೊರೀತಾರೆ ಅಂತ ಇದೆ. ನನ್ನ ಗೋಡೇಲಿ ಒಂದು ಸುತ್ತಿಗೆ ಏಟೂ ಬಿದ್ದಿಲ್ಲ. ಗೋಡೆ ಅದುರಿದ್ರೆ ಅದರ ಮೇಲಿರೋ ಲೋಲಕದ ಗಡಿಯಾರ ನಿಂತುಹೋಗ್ಬೇಕು, ಒಂದೂ ನಿಂತಿಲ್ಲ."

ಮೇಸ್ತ್ರಿ ಮೇಲಿಂದಲೇ, ಎಡಗೋಡೆಗೆ ಆಸರೆ ಕೊಟ್ಟಾಗಿದೆ, ಅಕ್ಕಾವ್ರು ಸಹಿ ಹಾಕಿದ್ದಾರೆ ಎಂದ.

"ಎಡ ಅಂದ್ರೆ ಯಾರ ಎಡ?" ಎಂದರು ಗಡಿಯಾರದವರು.

 ನಾನು ಬರೆದದ್ದು ಬೀದಿಯಲ್ಲಿ ನಿಂತು ಕಟ್ಟಡ ನೋಡುತ್ತ. ಮೇಸ್ತ್ರಿ ಓದಿದ್ದು ಕಟ್ಟಡದೊಳಗೆ ನಿಂತು ಬೀದಿ ನೋಡುತ್ತ. ಹಿತ್ತಿಲಿಂದ ಹತ್ತಿದ ನಾನೂ ಬೀದಿಯತ್ತಲೇ ಮುಖ ಮಾಡಿ, ಅವನ ಎಡವನ್ನೇ ನನ್ನ ಎಡ ಎಂದುಕೊಂಡು ಸಹಿ ಹಾಕಿದ್ದೆ. ಒಳಗೆ ಎರಡೂ ಗೋಡೆಗೆ ಕಿಟಕಿಯಿಲ್ಲ, ಒಂದೇ ಗಾರೆ, ಒಂದೇ ಸುಣ್ಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆರು ಆಸರೆಯೂ ಓಣಿಯ ಗೋಡೆಗೆ ಒರಗಿದ್ದವು. ನಲವತ್ತೆರಡು ಪುಟದಲ್ಲಿ "ಬೀದಿಯಿಂದ ನೋಡಿದಂತೆ" ಎಂಬ ಒಂದೇ ಒಂದು ಸಾಲು ಇರಲಿಲ್ಲ.

ಕೆಲಸ ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸಿದೆ. ಸಹಿಯನ್ನು ಹೊಡೆದುಹಾಕುವಾಗ ಹಾಳೆ ಹರಿಯಿತು. ಗಡಿಯಾರದವರೂ ಎಲ್ಲರಂತೆ ಆ ಕಾಗದವನ್ನು ಓದದೆ ಅಟ್ಟದ ಮೇಲೆಸೆದಿದ್ದರೆ ಎಂಬ ಯೋಚನೆ ಬಂದು, ಅಲ್ಲೇ ಇಟ್ಟಿಗೆಯ ಮೇಲೆ ಕೂತು ಅತ್ತುಬಿಟ್ಟೆ.

ಮಧ್ಯಾಹ್ನ ಬಂದ ಮಾವನಿಗೆ ಎಲ್ಲ ಹೇಳಿದೆ. ಬಯ್ಯುತ್ತಾರೆ, ಇಲ್ಲವೇ ಮುಂದಿನ ಮೂವತ್ತು ವರ್ಷಕ್ಕಾಗುವಷ್ಟು ಗೇಲಿ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಹತ್ತೊಂಬತ್ತನೇ ಪುಟ ತೆಗೆಸಿ, ಮೊದಲ ಸಲ ಬೆರಳಿಟ್ಟು ಓದಿದರು.

"ನಾವು ಗೋಡೆಗೆ ಎಡ ಬಲ ಅನ್ನಲ್ಲ ಕಣೆ. ಆಚೆ ಯಾರಿದ್ದಾರೋ ಅವರ ಹೆಸರು ಹೇಳ್ತೀವಿ. ಯಾರೂ ಇಲ್ಲದಿದ್ರೆ ಓಣಿ ಗೋಡೆ, ಗಾಳಿ ಗೋಡೆ ಅಂತೀವಿ. ಇದನ್ನ ನಿನಗೆ ಹೇಳೋದೇ ಮರೆತೆ, ತಪ್ಪು ನನ್ನದೂ ಇದೆ" ಎಂದರು.

ಅಂದು ಸಂಜೆ ಕೂತು ಇಡೀ ಕಾಗದ ತಿದ್ದಿದೆ. ಎಡ ಇದ್ದಲ್ಲೆಲ್ಲ ಗಡಿಯಾರದವರ ಗೋಡೆ, ಬಲ ಇದ್ದಲ್ಲೆಲ್ಲ ಓಣಿ ಗೋಡೆ. ನಗರಸಭೆಯ ಗುಮಾಸ್ತರು ಇದೇನು ಭಾಷೆ ಎಂದು ಮೂಗು ಮುರಿದರು, ಮುದ್ರೆ ಮಾತ್ರ ಒತ್ತಿದರು.

ಆಸರೆ ಬದಲಿಸಿ ಮುಗಿಸುವವರೆಗೆ ಗಡಿಯಾರದವರ ಹೆಂಡತಿಯನ್ನು ಮಾವನೇ ಕುರ್ಚಿಯ ಮೇಲೆ ಕೂರಿಸಿ, ನಾಲ್ವರ ಕೈಯಲ್ಲಿ ಹೊರಿಸಿ ನಮ್ಮ ಮನೆಗೆ ಕರೆತಂದರು. ಆಕೆ ಎರಡು ವರ್ಷದ ನಂತರ ಬೀದಿ ನೋಡಿ, ಇಷ್ಟು ಅಂಗಡಿ ಯಾವಾಗ ಬಂದವು ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದರು.

ಮರುದಿನ ಆ ಗೋಡೆಯಲ್ಲಿ ಗೂಡು ಕೊರೆಯುವ ಕೆಲಸ ಶುರುವಾಯಿತು. ಮಧ್ಯಾಹ್ನ ನಾನು ಬೇಲಿಯ ಬಳಿ ಹೋಗಿ ಪುಸ್ತಕ ತೆರೆದೆ. ಒಂಬತ್ತನೇ ದೂರು ಬಂದಿತ್ತು, ಎಂದಿನ ದುಂಡು ಅಕ್ಷರದಲ್ಲಿ, ಪುಟಸಂಖ್ಯೆ ಸಮೇತ:

"ಪುಟ ಹತ್ತೊಂಬತ್ತು. ವಿಪರೀತ ಸದ್ದು. ಐದು ಗಡಿಯಾರ ನಿಂತಿವೆ. ದಯವಿಟ್ಟು ನಿಲ್ಲಿಸಬೇಡಿ."