ಓಡಿಹೋದ ಕಿಟಕಿ

ಕಂಪ್ಯೂಟರ್ ಬಲ್ಲವರು ಮೊದಲೇ ಮನ್ನಿಸಬೇಕು. ಅರ್ಧಂಬರ್ಧ ತಿಳಿದ ವಿಷಯವನ್ನು ಕತೆಯಾಗಿ ಹೇಳಲು ಹೊರಟಿರುವುದು ಅಧಿಕಪ್ರಸಂಗವೇ.

ಪಾಲಿಟೆಕ್ನಿಕ್‌ನ ಒಳಾಂಗಣ ವಿನ್ಯಾಸ ವಿಭಾಗದಲ್ಲಿ ಡ್ರಾಯಿಂಗ್ ಮೇಡಂ ಮೂರು ತರಗತಿಗಳ ಕಾರ್ಯಾಗಾರ ಹಮ್ಮಿಕೊಂಡಿದ್ದರು. ಕೋಣೆ ಹೇಗಿರಬೇಕೆಂದು ಬರೆದುಕೊಟ್ಟರೆ ಯಂತ್ರ ಅದರ ನಿಜದಂಥ ಚಿತ್ರ ಮಾಡಿಕೊಡುತ್ತದಲ್ಲ, ಆ ಬರಹವನ್ನು, ಅಂದರೆ ಪ್ರಾಂಪ್ಟನ್ನು, ತಿದ್ದಿ ತೀಡುವ ಪಾಠ. ಮೊದಲ ದಿನ ನೋಡುವ ಕೋನ, ಬೆಳಕು, ಸಾಮಗ್ರಿಗಳನ್ನು ಬಿಡಿಸಿ ಬರೆಯುವುದು. ಎರಡನೆಯ ದಿನ ಒಂದು ಸಲಕ್ಕೆ ಒಂದೇ ಪದ ಬದಲಿಸಿ ಏನಾಗುತ್ತದೆಂದು ನೋಡುವುದು. ಮೂರನೆಯ ದಿನ ಒಬ್ಬರ ಪ್ರಾಂಪ್ಟನ್ನು ಮತ್ತೊಬ್ಬರು ಕೋಣೆಯ ನಕ್ಷೆಯ ಜೊತೆ ತಾಳೆ ನೋಡಿ ತಿದ್ದುವುದು. ಈ ಪಾಠಯೋಜನೆಯನ್ನು ಮೇಡಂ ಅದೆಷ್ಟು ಸಲ ಬರೆದು ಹರಿದರೆಂದರೆ, ಅವರ ಅತ್ತಿಗೆ, "ಪಾಠ ಮಾಡೋಕೆ ಹೋಗ್ತಿದ್ದೀಯೋ, ಪರೀಕ್ಷೆ ಬರೆಯೋಕೋ?" ಎಂದು ಕಿಚಾಯಿಸಿದ್ದರು.

ಎರಡನೆಯ ದಿನ ವಿಭಾಗದ ಮುಖ್ಯಸ್ಥರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಅವರಿಗೆ ಹಿಡಿಸಿದರೆ ಕಾರ್ಯಾಗಾರ ಪ್ರತಿ ವರ್ಷ ಉಂಟು. ಇಲ್ಲವಾದರೆ ಇದೇ ಕೊನೆ.

ಅಷ್ಟರಲ್ಲಿ, ಎಲ್ಲರೂ 'ತಕರಾರು' ಎಂದು ಕರೆಯುವ ಹುಡುಗಿ ಎದ್ದು ನಿಂತಳು.

"ಮೇಡಂ, ನಾನು ಕುರ್ಚಿ ಬಣ್ಣ ಮಾತ್ರ ನೀಲಿ ಮಾಡಿದೆ. ಎಡಗಡೆ ಇದ್ದ ಕಿಟಕಿ ಬಲಗಡೆಗೆ ಓಡಿಹೋಯ್ತು!"

"ನನ್ನ ಮೇಜು ದುಂಡಗಾಯ್ತು!" ಇನ್ನೊಬ್ಬ ಕೂಗಿದ.

"ಏನ್ ಮೇಡಂ, ಕಿಟಕಿಗೂ ಕಾಲು ಬಂತಾ?" ಹಿಂದಿನಿಂದ ಮುಖ್ಯಸ್ಥರ ದನಿ. ತರಗತಿ ಗೊಳ್ಳೆಂದಿತು.

ಮೇಡಂ ತಮ್ಮ ಹಾಳೆ ತಿರುವಿದರು. ಯೋಜನೆಯ ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬೇರೇನೂ ತೋಚದೆ, "ಒಂದಕ್ಷರಾನೂ ಬದಲಿಸ್ಬೇಡ. ಅದನ್ನೇ ಇಟ್ಕೊಂಡು ಗುಂಡಿ ಇನ್ನೊಂದ್ಸಲ ಒತ್ತು, ನೋಡೋಣ" ಅಂದರು.

ತಕರಾರು ಒತ್ತಿದಳು. ಅದೇ ಮಾತು, ಆದರೂ ಬೇರೆಯೇ ಕೋಣೆ! ಈ ಸಲ ಕಿಟಕಿ ಎರಡಾಗಿತ್ತು.

"ಹಾಗಾದ್ರೆ ತಪ್ಪು 'ನೀಲಿ'ಯದ್ದಲ್ಲ!" ಮೇಡಂ ಹಣೆ ಚಚ್ಚಿಕೊಂಡರು. "ನಂದೇ ಕಣ್ರಪ್ಪಾ! ಚಿತ್ರ ಎಲ್ಲಿಂದ ಶುರುವಾಗ್ಬೇಕು ಅಂತ ಹೇಳೋಕೆ ಸೀಡ್ ಅಂತ ಒಂದು ಸಂಖ್ಯೆ ಇರುತ್ತೆ. ಅದನ್ನ ಕಟ್ಟಿಹಾಕದಿದ್ರೆ ಯಂತ್ರ ಪ್ರತಿ ಸಲ ಹೊಸದಾಗಿ ಶುರು ಮಾಡುತ್ತೆ. ಹೇಳೋದೇ ಮರೆತೆ."

ಎಲ್ಲರೂ ಬದಲಿಸುವ ಮುಂಚಿನ ಪ್ರಾಂಪ್ಟಿಗೆ ಮರಳಿ, ಒಂದು ಸಂಖ್ಯೆ ಕಟ್ಟಿಹಾಕಿ, ಉಳಿದ ಸೆಟ್ಟಿಂಗ್‌ಗಳನ್ನು ಮುಟ್ಟದೆ ಒತ್ತಿದರು. ಎರಡು ಸಲ ಒತ್ತಿದರೂ ಅವರವರಿಗೆ ಅದೇ ಚಿತ್ರ, ತಕರಾರಿನ ಕಿಟಕಿ ಎಡಗಡೆ. ಆಮೇಲೆ ತಕರಾರು 'ನೀಲಿ' ಸೇರಿಸಿದಳು. ಕುರ್ಚಿ ನೀಲಿಯಾಯಿತು, ಕಿಟಕಿ ಎಡಗಡೆಯೇ ನಿಂತಿತು. ಚಪ್ಪಾಳೆಯೋ ಚಪ್ಪಾಳೆ.

ಮುಖ್ಯಸ್ಥರು ಎದ್ದು ಬಂದರು. "ಪದ ಬದಲಿಸೋ ಮುಂಚೆ ಏನೂ ಬದಲಿಸದೆ ಒತ್ತಿ ನೋಡೋದು. ಇದನ್ನ ಎರಡನೇ ದಿನದ ಮೊದಲ ಸಾಲಾಗಿ ಬರೀರಿ. ಮುಂದಿನ ವರ್ಷದ ಮಕ್ಕಳಿಗೂ ಬೇಕು."

ಮೇಡಂ ಹೂಂಗುಟ್ಟುವಷ್ಟರಲ್ಲಿ ಮತ್ತೆ ತಕರಾರು: "ಮೇಡಂ, ಕಿಟಕಿ ನಿಂತಿತು ಸರಿ. ಪರದೆ ಯಾಕೆ ಒಂಚೂರು ಸರಿದಿದೆ?"

ಮೇಡಂ ಬಗ್ಗಿ ನೋಡಿದರು. ಹೌದು, ಸರಿದಿತ್ತು. ಒಂದು ಪದ ಚಿತ್ರದಲ್ಲಿ ಎಲ್ಲೆಲ್ಲಿಗೆ ಕೈ ಚಾಚುತ್ತದೋ!

"ಗೊತ್ತಿಲ್ಲ ಕಣಮ್ಮಾ" ಅಂದರು, ನಗುತ್ತಲೇ.

ಕತೆ ಹೇಳಿದವರಿಗೂ ಗೊತ್ತಿಲ್ಲ.