ಘೋಸ್ಟ್ ಆಗಿದ್ದೆ

ಆಸ್ಪತ್ರೆಯ ಕಚೇರಿಯಲ್ಲಿ ಟಪಾಲು ನೋಡುವುದು ನನ್ನ ಕೆಲಸ. ಬಂದ ಕಾಗದಕ್ಕೆ ಮೊದಲು ಮೊಹರು, ಆಮೇಲೆ ಓದು. ಮೊಹರು ಬಿದ್ದ ಮೇಲೆ ಬ್ರಹ್ಮ ಬಂದರೂ ಒಂದಕ್ಷರ ಬದಲಾಗದು ಎಂದು ಇಪ್ಪತ್ತು ವರ್ಷ ಜಂಬ ಕೊಚ್ಚಿಕೊಂಡವಳು ನಾನೇ.

ತಂಗಿಯ ಮಗಳು ಅಲ್ಲೇ ವಿಚಾರಣೆ ಕೌಂಟರಿನಲ್ಲಿ ತರಬೇತಿಗಿದ್ದಳು. ಶುಕ್ರವಾರ ಕೆಲಸ ಕಾಯಂ ಆಗಬೇಕಿತ್ತು. ಅಷ್ಟರಲ್ಲಿ ರೋಗಿಯ ಕಡೆಯವನೊಬ್ಬ, ತನ್ನ ಮೆಸೇಜಿಗೆ ಎರಡು ದಿನ ಉತ್ತರವೇ ಇಲ್ಲವೆಂದು ದೂರು ಕೊಟ್ಟ. ಅವಳು ಬರೆದುಕೊಟ್ಟ ವಿವರಣೆಗೆ ಮೊಹರು ಒತ್ತಿ ಓದಿದೆ.

‘ದೂರುದಾರರ ವೈಬ್ ಸರಿ ಇರಲಿಲ್ಲ. ಆದ್ದರಿಂದ ಸೋಮವಾರ ಮತ್ತು ಮಂಗಳವಾರ ನಾನು ಘೋಸ್ಟ್ ಆಗಿದ್ದೆ.’

ಅವಳನ್ನು ಕರೆದೆ.

“ಏನೇ ಇದು?”

“ಉತ್ತರ ಕೊಡದೆ ಸುಮ್ನಾದೆ ಅಂತ. ನಿಂಗೆ ಗೊತ್ತಲ್ಲ ದೊಡ್ಡಮ್ಮ.”

ಗೊತ್ತಿತ್ತು, ಅದೇ ಗ್ರಹಚಾರ. ಗೆಳತಿಯರ ಫೋನಿನಿಂದ ಇವಳ ಬಾಯಿಗೆ, ಇವಳಿಂದ ಮನೆಯ ಊಟದ ಮೇಜಿಗೆ, ಅಲ್ಲಿಂದ ನನ್ನ ನಾಲಿಗೆಗೆ ಈ ಮಾತುಗಳು ಬಂದಿದ್ದವು. ಹೊಸ ವಾಚು ತೋರಿಸಿ ಮೆರೆಯುತ್ತಿದ್ದ ಗುಮಾಸ್ತರಿಗೆ ‘ಫ್ಲೆಕ್ಸ್ ಸಾಕು ಮಾಡಿ’ ಎಂದಿದ್ದೆ. ಸಂಜೆಯೊಳಗೆ ಇಡೀ ಕಚೇರಿ ಅದನ್ನೇ ಹೇಳುತ್ತಿತ್ತು. ಜವಾನ ಮಾತ್ರ, “ಎಲ್ಲಿ ಕಟ್ಟಿದಾರೆ? ಯಾರ ಫೋಟೋ ಹಾಕ್ಸಿದಾರೆ?” ಎಂದು ಕೇಳಿದ್ದ. ಆವತ್ತು ನಕ್ಕು ಸುಮ್ಮನಾದ ನನ್ನ ಬುದ್ಧಿಗಿಷ್ಟು.

“ವೈಬ್ ಸರಿ ಇಲ್ಲ ಅಂದ್ರೆ? ಅವನು ಏನಂದ?”

ಅವಳು ದನಿ ತಗ್ಗಿಸಿದಳು. “ಡ್ಯೂಟಿ ಎಷ್ಟೊತ್ತಿಗೆ ಮುಗಿಯುತ್ತೆ, ರೂಮಲ್ಲಿ ಒಬ್ಳೇ ಇರ್ತೀಯಾ ಅಂತೆಲ್ಲ ಕೇಳ್ತಿದ್ದ.”

“ಅದನ್ನ ಬರೀಬೇಕಿತ್ತಲ್ಲೇ!”

“ನಮ್ಮಲ್ಲಿ ವೈಬ್ ಅಂದ್ರೆ ಸಾಕು, ಎಲ್ಲಾ ಅರ್ಥ ಆಗುತ್ತೆ.”

ಮುಖ್ಯಾಧಿಕಾರಿಗೂ ಅರ್ಥವಾಯಿತು, ಬೇರೆಯದೇ ಅರ್ಥ. ಹೋದ ವರ್ಷ ಕೆಲಸಕ್ಕೇ ಬಾರದ ಇಬ್ಬರ ಹೆಸರಿನಲ್ಲಿ ಹಾಜರಿ ಪುಸ್ತಕದಲ್ಲಿ ಸಹಿ ಬೀಳುತ್ತಿದ್ದುದು ಪತ್ತೆಯಾಗಿತ್ತು. ತಪಾಸಣೆಯವರು ಅಂಥವರನ್ನು ಘೋಸ್ಟ್ ಎಂದೇ ಬರೆದಿದ್ದರು.

“ಆ ಎರಡು ದಿನವೂ ಸಹಿ ಇದೆ,” ಎಂದರು ಅವರು. “ಇಲ್ಲಿ ನೋಡಿದ್ರೆ ಘೋಸ್ಟ್ ಆಗಿದ್ದೆ ಅಂತಾಳೆ. ಸಹಿ ಹಾಕಿದ್ದು ಯಾರು?”

ನಾನು ಬಿಡಿಸಿ ಹೇಳಿದೆ. ಕೆಟ್ಟ ಮನುಷ್ಯರಲ್ಲ, ಪೂರ್ತಿ ಕೇಳಿಸಿಕೊಂಡರು. “ನಿಜ ಇರಬಹುದು ಮೇಡಂ. ಆದ್ರೆ ಕಡತದ ಜೊತೆ ಅರ್ಥ ಹೇಳೋಕೆ ಯಾರೂ ಹೋಗಲ್ಲ. ತನಿಖೆ ಮುಗಿಯಲಿ.”

ಅವಳು ಎಲ್ಲವನ್ನೂ ಬಿಡಿಸಿ ಎರಡನೆಯ ವಿವರಣೆ ಕೊಟ್ಟಳು. ದೊಡ್ಡಮ್ಮ ಹೇಳಿ ಬರೆಸಿದ್ದಾರೆಂದು ತನಿಖಾ ಸಮಿತಿ ಅದನ್ನು ಪಕ್ಕಕ್ಕಿಟ್ಟಿತು. ಕೈಲಾಗದ ಸಿಟ್ಟಿಗೆ ನನ್ನ ಕಣ್ಣು ತುಂಬಿತು.

ಶುಕ್ರವಾರ ಅವಳನ್ನು ತರಬೇತಿಯಿಂದ ಬಿಡಿಸುವ ಆದೇಶ ನನ್ನ ಮೇಜಿಗೇ ಬಂತು, ಟೈಪ್ ಮಾಡಲು. ಮೊದಲ ಕಾಗದದ ಮಾತುಗಳನ್ನು ಇದ್ದ ಹಾಗೇ ಇಳಿಸಬೇಕಿತ್ತು. ಅವಳು ಬ್ಯಾಗು ಹೆಗಲಿಗೇರಿಸಿ ಪಕ್ಕದಲ್ಲಿ ನಿಂತಳು.

“ಅವನು ಕೇಳಿದ್ದೆಲ್ಲ ಇದರಲ್ಲಿ ಇದೆಯಾ ದೊಡ್ಡಮ್ಮ?”

“ವೈಬ್ ಅಂತ ಇದೆ,” ಎಂದೆ.